ಬೀಗರೂಟದ ಸಾರಿಗೆ ಎಷ್ಟು ಗಂಟೆ ಆಯಸ್ಸು?

ನಮ್ಮ ಸೋದರಮಾವ ಬಸವೇಶ್ವರನಗರದಲ್ಲಿ ಅಡುಗೆ ಕಾಂಟ್ರಾಕ್ಟ್ ಹಿಡೀತಾರೆ. ಮದುವೆ ದಿನದ ಎಲೆ ಊಟಕ್ಕಿಂತ ಬೀಗರೂಟದ ಆರ್ಡರೇ ಅವರಿಗೆ ಜಾಸ್ತಿ. ಹಾಸ್ಟೆಲ್‌ನಲ್ಲಿರೋ ಕರಾವಳಿ, ಉತ್ತರ ಕರ್ನಾಟಕದ ಗೆಳೆಯರಿಗೆ ಒಂದು ಮಾತು: ನಮ್ಮ ಕಡೆ ಮದುವೆ ದಿನ ಸಸ್ಯಾಹಾರ, ಅದು ಮುಗಿದ ಮೇಲೆ ಬೀಗರಿಗೆ ಅಂತ ಹಾಕೋದು ಬಾಡೂಟ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಕೈಮಾ ಉಂಡೆ, ಬಿರಿಯಾನಿ, ಚಿಕನ್ ಕಬಾಬ್. ಸೋಮವಾರ, ಶನಿವಾರ ಬಾಡು ತಿನ್ನದ ಮನೆಗಳು ಬಹಳ ಇರೋದ್ರಿಂದ ದಿನ ಹೊಂದಿಸೋದೇ ಒಂದು ಕೆಲಸ.

ಹೋದ ವರ್ಷ ವಿಜಯನಗರದ ಒಂದು ಮನೆಯ ಬೀಗರೂಟದಲ್ಲಿ ಒಂದು ಡಬರಿ ಸಾರು ಹಾಗೇ ಉಳೀತು, ಸುಮಾರು 40 ಲೀಟರ್. ಯಜಮಾನರು "ಊರಿಂದ ಬಂದ ನೆಂಟರು ಇನ್ನೂ ಮನೇಲೇ ಇದಾರೆ, ಡಬರಿ ಸಮೇತ ಕೊಡಿ, ನಾಳೆ ವಾಪಸ್ ಕಳಿಸ್ತೀನಿ" ಅಂದರು. ಮಾವ ಕೊಟ್ಟು ಕಳಿಸಿದರು. ಮಾರನೇ ದಿನ ಬೆಳಿಗ್ಗೆ ಎಂಟಕ್ಕೆ ಇಡ್ಲಿ ಜೊತೆ ಅದೇ ಸಾರು. ಆವತ್ತು ರಾತ್ರಿಯಿಂದ ಹದಿನಾಲ್ಕು ಜನಕ್ಕೆ ಹೊಟ್ಟೆ ನುಲಿತ, ಭೇದಿ. ಒಬ್ಬ ಅಜ್ಜಿಗೆ ಡ್ರಿಪ್ಸ್ ಹಾಕಿಸಬೇಕಾಯ್ತು. ಯಜಮಾನರು ಮಾವನಿಗೆ ಫೋನ್ ಮಾಡಿ ಬೈದದ್ದು ನಾನೇ ಕೇಳಿಸ್ಕೊಂಡೆ. ಅವರ ವಾದ ಒಂದೇ: "ಬೆಳಿಗ್ಗೆ ಮುಚ್ಚಳ ತೆಗೆದಾಗ ಸಾರು ಇನ್ನೂ ಬೆಚ್ಚಗೇ ಇತ್ತು ಕಣ್ರೀ, ವಾಸನೆನೂ ಇರಲಿಲ್ಲ. ಅದು ಹೆಂಗೆ ಕೆಡುತ್ತೆ? ನಿಮ್ಮ ಮಾಂಸಾನೇ ಹಳೇದು."

ಮಾಂಸ ಹಳೇದಾಗಿದ್ದರೆ ಹಿಂದಿನ ದಿನ ಮಧ್ಯಾಹ್ನ ಹಾಲ್‌ನಲ್ಲಿ ಅದೇ ಸಾರು ಉಂಡ ಐನೂರು ಜನರಲ್ಲಿ ಒಬ್ಬರಿಗಾದ್ರೂ ಏನಾದ್ರೂ ಆಗ್ಬೇಕಿತ್ತು. ಯಾರಿಗೂ ಏನೂ ಆಗಿರಲಿಲ್ಲ. ಮಲಗಿದವರೆಲ್ಲ ಬೆಳಿಗ್ಗೆ ಇಡ್ಲಿಗೆ ಹಾಕಿಸ್ಕೊಂಡವರು. ಅಂದ್ರೆ ಸಂಜೆ ನಾಲ್ಕರಿಂದ ಬೆಳಿಗ್ಗೆ ಎಂಟರ ತನಕ ಆ ಡಬರಿ ಒಳಗೆ ಏನೋ ನಡೆದಿತ್ತು.

ಅದಾದ ಮೇಲೆ ಮಾವ ಆರ್ಡರ್ ಒಪ್ಪಿಕೊಳ್ಳುವಾಗಲೇ ಯಜಮಾನರ ಕೈಗೆ ಒಂದು ಚೀಟಿ ಕೊಡೋಕೆ ಶುರು ಮಾಡಿದರು. ಮಾತು ಅವರದ್ದು, ಟೈಪ್ ಮಾಡಿದ್ದು ನಾನು. ಈ ಸಲ ಕೆಂಗೇರಿಯ ಒಂದು ಹಾಲ್‌ಗೆ ಕೊಟ್ಟ ಚೀಟಿ ಹೀಗಿತ್ತು:

"ಯಜಮಾನರಿಗೆ ನಮಸ್ಕಾರ. ಊಟದ ವಿಷಯದಲ್ಲಿ ನಮ್ಮ ಜವಾಬ್ದಾರಿ ಎಲ್ಲಿವರೆಗೆ, ನಿಮ್ಮದು ಎಲ್ಲಿಂದ ಅನ್ನೋದು ಮುಂಚೆನೇ ಮಾತಾಡಿಕೊಳ್ಳೋಣ ಅಂತ ಬರೀತಿದೀನಿ. ಬೇಜಾರು ಮಾಡ್ಕೋಬೇಡಿ.

ಸಾರು, ಬೋಟಿ ಗೊಜ್ಜು ಸಣ್ಣ ಉರಿ ಮೇಲೆ ಹೊಗೆಯಾಡ್ತಾ ಇರೋ ತನಕ ಯೋಚನೆ ಇಲ್ಲ. ಹನ್ನೆರಡೂವರೆಗೆ ಪಂಕ್ತಿ ಶುರುವಾಗಿ ನಾಲ್ಕಕ್ಕೆ ಮುಗಿದ್ರೂ ಅಲ್ಲಿ ತನಕ ನಾವು ಉರಿ ಆರಿಸಲ್ಲ. ಉರಿ ಆರಿಸಿ, ಬಿಸಿ 60 ಡಿಗ್ರಿಗಿಂತ ಕೆಳಗೆ ಇಳಿದ ಗಳಿಗೆಯಿಂದ ಗಡಿಯಾರ ಶುರು. ಅಲ್ಲಿಂದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಹೋಗ್ಬೇಕು, ಇಲ್ಲಾ ಮತ್ತೆ ಒಲೆ ಮೇಲೆ ಕುದೀಬೇಕು. ಎರಡು ಗಂಟೆ ದಾಟಿದ್ರೆ ಆಗಲೇ ಉಂಡು ಮುಗಿಸಬೇಕು, ಎತ್ತಿಡಬಾರದು. ನಾಲ್ಕು ಗಂಟೆ ದಾಟಿದ್ರೆ ಚೆಲ್ಲಬೇಕು. ಏಪ್ರಿಲ್, ಮೇನಲ್ಲಿ ಅಡುಗೆ ಮನೆ ಸೆಕೆ 32 ಡಿಗ್ರಿ ದಾಟಿರುತ್ತೆ. ಆಗ ಎರಡು ಗಂಟೆ ಅನ್ನೋದನ್ನ ಒಂದು ಗಂಟೆ ಅಂತ ಓದಿಕೊಳ್ಳಿ.

ಬಿರಿಯಾನಿ ದಮ್ ಬಿಚ್ಚದೆ ಇದ್ರೆ ಬಿಸಿ ಹಿಡಿದಿಟ್ಟುಕೊಳ್ಳುತ್ತೆ. ಅದಕ್ಕೇ ಒಂದು ದೊಡ್ಡ ಡಬರಿ ಬದಲು ನಾಲ್ಕು ಸಣ್ಣ ಡಬರಿ ತರ್ತೀವಿ, ಒಂದು ಖಾಲಿಯಾದ ಮೇಲೆ ಇನ್ನೊಂದು ಬಿಚ್ತೀವಿ. ನಾಲ್ಕೂ ಒಟ್ಟಿಗೆ ಬಿಚ್ಚಿ ಅಂತ ನಿಮ್ಮ ಕಡೆಯವರು ಒತ್ತಾಯ ಮಾಡಬಾರದು. ಕಬಾಬ್ ಅಲ್ಲಲ್ಲೇ ಕರೀತೀವಿ. ಕರಿದಿಟ್ಟ ತಟ್ಟೆಗೂ ಅದೇ ಎರಡು ಗಂಟೆ ಲೆಕ್ಕ. ಮಸಾಲೆ ಹಾಕಿದ ಹಸಿ ಕೋಳಿ ಐಸ್ ಡಬ್ಬಿ ಬಿಟ್ಟು ಆಚೆ ಬರಲ್ಲ.

ಎಲೆ ಹತ್ರ ಹೋಗಿ ಬಂದ ಬಕೆಟ್‌ನಲ್ಲಿ ಉಳಿದದ್ದನ್ನ ಪಾರ್ಸಲ್ ಕೊಡಲ್ಲ, ಡಬರಿಗೆ ವಾಪಸ್ ಸುರಿಯಲ್ಲ. ಒಲೆ ಮೇಲಿದ್ದ ಡಬರಿಯಿಂದ ಮಾತ್ರ ಕೊಡ್ತೀವಿ. ಅದೂ ಸಣ್ಣ ಪಾತ್ರೆಗಳಲ್ಲಿ. ಡಬರಿ ಸಮೇತ ಕೊಡಿ ಅಂತ ದಯವಿಟ್ಟು ಕೇಳಬೇಡಿ."

ಚೀಟಿ ಇಷ್ಟೇ. ಈ ಎರಡು ಗಂಟೆ, ನಾಲ್ಕು ಗಂಟೆ ಮಾವನ ಸ್ವಂತ ಲೆಕ್ಕ ಅಲ್ಲ. ಆಸ್ಟ್ರೇಲಿಯಾದ ಆಹಾರ ಸುರಕ್ಷತೆಯವರು ಹೇಳೋ ನಿಯಮ ಇದು: 5 ಡಿಗ್ರಿಯಿಂದ 60 ಡಿಗ್ರಿ ನಡುವೆ ಅಡುಗೆ ಕಳೆದ ಒಟ್ಟು ಸಮಯ ಕೂಡಬೇಕು. 32 ಡಿಗ್ರಿ ಮೇಲೆ ಒಂದೇ ಗಂಟೆ ಅನ್ನೋದು ಅಮೆರಿಕದವರ ಮಾತು. ಇಲ್ಲಿ ಮುಖ್ಯವಾದ ಪದ 'ಒಟ್ಟು'. ಮಾಗಡಿ ರಸ್ತೆಯ ಶೆಡ್‌ನಲ್ಲಿ ಆರಿದ ಗೊಜ್ಜು ನಾಯಂಡಹಳ್ಳಿ ಟ್ರಾಫಿಕ್‌ನಲ್ಲಿ ಮುಕ್ಕಾಲು ಗಂಟೆ ನಿಂತರೆ ಆ ಮುಕ್ಕಾಲು ಗಂಟೆಯೂ ಲೆಕ್ಕಕ್ಕೆ ಸೇರುತ್ತೆ. ಹಾಲ್ ತಲುಪಿದ ಮೇಲೆ ಗಡಿಯಾರ ಹೊಸದಾಗಿ ಶುರುವಾಗಲ್ಲ.

ಈಗ ಡಬರಿ ವಿಷಯಕ್ಕೆ ಬರೋಣ. ಚೀಟಿಯಲ್ಲಿ ಯಜಮಾನರುಗಳಿಗೆ ಅರ್ಥವಾಗದೆ ಉಳಿಯೋದು ಆ ಕೊನೇ ಸಾಲು. ಮೂರನೇ ಸೆಮಿಸ್ಟರ್‌ನಲ್ಲಿ ನಾನೂ ಅದನ್ನ ವಿವರಿಸೋಕೆ ಆಗದೆ ಬರೀ ಟೈಪ್ ಮಾಡಿದ್ದೆ. ಹೀಟ್ ಟ್ರಾನ್ಸ್‌ಫರ್ ಪೇಪರ್ ಓದುವಾಗ ಲೆಕ್ಕ ಹಾಕಿ ನೋಡಿದೆ.

ಸಾರು ಹೆಚ್ಚುಕಡಿಮೆ ನೀರೇ ಅಂತ ಇಟ್ಟುಕೊಳ್ಳೋಣ. 40 ಲೀಟರ್ ಡಬರಿ, ಅಗಲ ಎತ್ತರ ಎರಡೂ ಸುಮಾರು 37 ಸೆಂಟಿಮೀಟರ್. ಮುಚ್ಚಳ ಹಾಕಿದೆ, ನೆಲದ ಮೇಲಿದೆ. ಹಾಗಾದ್ರೆ ಗಾಳಿಗೆ ಶಾಖ ಬಿಡೋಕೆ ಇರೋದು ಪಕ್ಕ ಮತ್ತು ಮೇಲ್ಭಾಗ, ಎಲ್ಲ ಸೇರಿ ಅರ್ಧ ಚದರ ಮೀಟರ್‌ಗಿಂತ ಒಂಚೂರು ಜಾಸ್ತಿ. ನಿಂತ ಗಾಳಿಗೆ ಶಾಖ ದಾಟೋ ದರ ಪ್ರತಿ ಚದರ ಮೀಟರ್‌ಗೆ, ಪ್ರತಿ ಡಿಗ್ರಿಗೆ 10 ವಾಟ್ ಅಂತ ಹಿಡಿದೆ. ನ್ಯೂಟನ್ನನ ತಣಿಯುವ ನಿಯಮ ಎಲ್ಲರಿಗೂ ಗೊತ್ತಿರೋದೇ:

T = Ta + (T0 − Ta) · e^(−t/τ)

ಇಲ್ಲಿ τ ಬರೋದು ಸುಮಾರು ಎಂಟೂವರೆ ಗಂಟೆ. ಕೋಣೆ 27 ಡಿಗ್ರಿ, ಸಾರು ಸಂಜೆ ನಾಲ್ಕಕ್ಕೆ 95 ಡಿಗ್ರಿ ಅಂತ ಶುರು ಮಾಡಿ. ಸಾರು 60ಕ್ಕೆ ಇಳಿಯೋಕೆ ರಾತ್ರಿ ಹತ್ತೂಕಾಲು ಆಗುತ್ತೆ. 50ಕ್ಕೆ ಬರೋದು ನಡುರಾತ್ರಿ ಒಂದೂಕಾಲರ ಹೊತ್ತಿಗೆ. ಬೆಳಿಗ್ಗೆ ಎಂಟಕ್ಕೆ ಮುಚ್ಚಳ ತೆಗೆದರೆ ಇನ್ನೂ 37-38 ಡಿಗ್ರಿ, ನಮ್ಮ ಮೈಯಷ್ಟೇ ಬೆಚ್ಚಗೆ. ಯಜಮಾನರು ಸುಳ್ಳು ಹೇಳಿರಲಿಲ್ಲ. ಸಾರು ನಿಜವಾಗ್ಲೂ ಬೆಚ್ಚಗಿತ್ತು, ಕೆಟ್ಟಿದ್ದೂ ಅದರಿಂದಲೇ.

ಕುದಿಸಿದ ಮಾಂಸದ ಸಾರಿನಲ್ಲಿ ಬದುಕುಳಿಯೋ ಒಂದು ಬ್ಯಾಕ್ಟೀರಿಯಾ ಇದೆ, ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಅಂತ. ಮಣ್ಣಿನಲ್ಲಿ, ಕುರಿ ಕೋಳಿಗಳ ಕರುಳಿನಲ್ಲಿ ಸಾಮಾನ್ಯವಾಗಿ ಇರೋದು. ಬೋಟಿ ತೊಳೆಯುವಾಗ ಎಷ್ಟೇ ಜಾಗ್ರತೆ ಮಾಡಿದರೂ ಒಂದಿಷ್ಟು ಉಳಿದೇ ಉಳಿಯುತ್ತೆ. ಕುದಿಸಿದಾಗ ಇದು ಸಾಯುತ್ತೆ ನಿಜ, ಆದ್ರೆ ಇದರ ಸ್ಪೋರ್‌ಗಳು ಸಾಯಲ್ಲ. ಬಿತ್ತನೆ ಬೀಜದ ಹಾಗೆ ಗಟ್ಟಿ ಚಿಪ್ಪಿನೊಳಗೆ ಕೂತಿರುತ್ತವೆ. ಕುದಿ ಅವಕ್ಕೆ ಎರಡು ಉಪಕಾರ ಮಾಡುತ್ತೆ: ಮೊಳೆಯೋಕೆ ಎಬ್ಬಿಸುತ್ತೆ, ಜೊತೆಗೆ ಸಾರಿನಲ್ಲಿದ್ದ ಆಮ್ಲಜನಕವನ್ನ ಓಡಿಸುತ್ತೆ. ಈ ಬ್ಯಾಕ್ಟೀರಿಯಾಗೆ ಆಮ್ಲಜನಕ ಆಗಿಬರಲ್ಲ. ಸಾರು 50 ಡಿಗ್ರಿಗೆ ಇಳಿದ ಮೇಲೆ ಬೆಳೆಯೋಕೆ ಶುರು, 43-45ರಲ್ಲಿ ಅದರ ಹಬ್ಬ. ಆ ಬಿಸಿಯಲ್ಲಿ ಒಂದು ಎರಡಾಗೋಕೆ ಹತ್ತೇ ನಿಮಿಷ ಸಾಕಾಗಬಹುದು.

ನಾವು ಉದಾರವಾಗಿ ಇಪ್ಪತ್ತು ನಿಮಿಷ ಅಂತಲೇ ಹಿಡಿಯೋಣ. ರಾತ್ರಿ ಒಂದೂಕಾಲಕ್ಕೆ ಒಂದು ಗ್ರಾಂ ಸಾರಿನಲ್ಲಿ ಹತ್ತೇ ಹತ್ತು ಇದ್ದವು ಅಂದುಕೊಳ್ಳಿ. ಬೆಳಿಗ್ಗೆ ಎಂಟರ ಒಳಗೆ ಇಪ್ಪತ್ತು ಸಲ ದುಪ್ಪಟ್ಟಾಗಿರುತ್ತೆ. 2^20 ಅಂದ್ರೆ ಹತ್ತು ಲಕ್ಷದ ಮೇಲೆ. ಹತ್ತು ಹೋಗಿ ಗ್ರಾಂಗೆ ಒಂದು ಕೋಟಿ ಆಯ್ತು. ಹೊಟ್ಟೆ ಕೆಡೋಕೆ ಗ್ರಾಂಗೆ ಸುಮಾರು ಹತ್ತು ಲಕ್ಷ ಬೇಕು ಅಂತಾರೆ. ಇದೇ ಲೆಕ್ಕದಲ್ಲಿ ನೋಡಿದ್ರೆ ಎರಡು ಗಂಟೆಗೆ ಗ್ರಾಂಗೆ 640, ನಾಲ್ಕು ಗಂಟೆಗೆ 40 ಸಾವಿರ, ಆರು ಗಂಟೆಗೆ 26 ಲಕ್ಷ. ಚೀಟಿಯ ಎರಡು, ನಾಲ್ಕು ಗಂಟೆ ಎಲ್ಲಿಂದ ಬಂತು ಅನ್ನೋದು ಇಲ್ಲೇ ಕಾಣುತ್ತೆ: ಗೆರೆ ಎಳೆದಿರೋದು ಅಪಾಯ ಮುಟ್ಟೋ ಜಾಗದಲ್ಲಿ ಅಲ್ಲ, ಅದಕ್ಕಿಂತ ಸಾಕಷ್ಟು ಹಿಂದೆ. ಶುರುವಿನಲ್ಲಿ ಎಷ್ಟು ಇದ್ದವು ಅಂತ ಯಾರೂ ಎಣಿಸಿರಲ್ಲವಲ್ಲ.

ಈ ಲೆಕ್ಕದಲ್ಲಿ ಸಡಿಲ ಬಹಳ ಇದೆ, ಒಪ್ಪಿಕೊಳ್ತೀನಿ. ಮುಚ್ಚಳ ತೆಗೆದಿಟ್ಟರೆ ಆವಿಯಾಗಿ ಬೇಗ ತಣಿಯುತ್ತೆ, ಡಿಸೆಂಬರ್ ರಾತ್ರಿಯಾದ್ರೆ ಇನ್ನೂ ಬೇಗ, ಎಣ್ಣೆಯ ಪದರ ಕಟ್ಟಿದ್ರೆ ನಿಧಾನ. ಆದ್ರೆ ಬೇಗ ಇಳಿದ್ರೆ 50ರ ಗೆರೆಯನ್ನೂ ಬೇಗ ದಾಟುತ್ತೆ ಅಷ್ಟೇ. ಅಷ್ಟು ದೊಡ್ಡ ಡಬರಿ ಬೆಳಗಾಗೋದರೊಳಗೆ ಆ ಬೆಚ್ಚಗಿನ ಪಟ್ಟಿಯಲ್ಲಿ ಹಲವು ಗಂಟೆ ಕಳೆಯದೆ ಇರಲ್ಲ.

ಅವರು ಬೆಳಿಗ್ಗೆ ಬಿಸಿ ಮಾಡಿದ್ರಲ್ಲ ಅಂತ ಕೇಳಬಹುದು. ಮಾಡಿದ್ದರು, ಡಬರಿಯನ್ನೇ ಮನೆ ಒಲೆ ಮೇಲೆ ಇಟ್ಟು ಹದಿನೈದು ನಿಮಿಷ. ಮನೆ ಗ್ಯಾಸ್ ಒಲೆಯ ದೊಡ್ಡ ಬರ್ನರ್‌ನಿಂದ ಪಾತ್ರೆಗೆ ನಿಜವಾಗಿ ಸೇರೋ ಶಾಖ ಒಂದೂಕಾಲು, ಒಂದೂವರೆ ಕಿಲೋವಾಟ್. 40 ಲೀಟರ್ ಸಾರನ್ನ 38ರಿಂದ 75ಕ್ಕೆ ಏರಿಸೋಕೆ ಅದಕ್ಕೆ ಒಂದು ಗಂಟೆಗೂ ಜಾಸ್ತಿ ಬೇಕು. ಹದಿನೈದು ನಿಮಿಷದಲ್ಲಿ ಸರಾಸರಿ ಏರೋದು ಏಳೆಂಟು ಡಿಗ್ರಿ. ಅಂದ್ರೆ 45, ಸರಿಯಾಗಿ ಆ ಬ್ಯಾಕ್ಟೀರಿಯಾದ ಹಬ್ಬದ ಉಷ್ಣಾಂಶ! ತಳದಲ್ಲಿ ಗುಳ್ಳೆ ಬಂದಿರುತ್ತೆ, ಅಂಚಿನಲ್ಲಿ ಹೊಗೆಯಾಡಿರುತ್ತೆ, ನೋಡಿದವರು ಕುದೀತು ಅಂದುಕೊಂಡಿರ್ತಾರೆ. ಸಣ್ಣ ಪಾತ್ರೆಗೆ ಬಗ್ಗಿಸಿ, ಸೌಟಿನಿಂದ ತಿರುವುತ್ತಾ ಎಲ್ಲ ಕಡೆ ಕೊತಕೊತ ಕುದಿಸಿದ್ದರೆ ಈ ಬ್ಯಾಕ್ಟೀರಿಯಾ ಸತ್ತಿರೋದು.

ಆದ್ರೆ "ಹಾಗಾದ್ರೆ ಕುದಿಸಿಬಿಟ್ರೆ ಸಾಕು" ಅನ್ನೋ ತೀರ್ಮಾನಕ್ಕೆ ಮಾವ ಬಿಲ್‌ಕುಲ್ ಒಪ್ಪಲ್ಲ, ಅವರೇ ಸರಿ. ಇನ್ನೊಂದು ಬ್ಯಾಕ್ಟೀರಿಯಾ ಸ್ಟಫೈಲೋಕಾಕಸ್ ನಮ್ಮ ಕೈಯಲ್ಲಿ, ಮೂಗಿನಲ್ಲಿ ಇರೋದು. ಬೆಂದ ಮೇಲೆ ಕೈ ಮುಟ್ಟಿದ ಪದಾರ್ಥಕ್ಕೆ ಹತ್ತುತ್ತೆ: ಕರಿದ ಕಬಾಬ್ ಎತ್ತಿ ಜೋಡಿಸುವಾಗ, ಬೆಂದ ಕೈಮಾ ಉಂಡೆ ಎಣಿಸಿ ಹಾಕುವಾಗ. ಅದು ಬೆಳೆಯುವಾಗ ಬಿಡೋ ವಿಷ ಕುದಿಸಿದರೂ ಹೋಗಲ್ಲ. ಅನ್ನದಲ್ಲಿ ಬೆಳೆಯೋ ಬ್ಯಾಸಿಲಸ್ ಸೀರಿಯಸ್‌ನ ವಾಂತಿ ತರಿಸೋ ವಿಷವೂ ಹಾಗೇ. ರಾತ್ರಿಯೆಲ್ಲ ಆಚೆ ಇದ್ದ ಬಿರಿಯಾನಿಯನ್ನ ಬೆಳಿಗ್ಗೆ ಬಾಣಲೆಯಲ್ಲಿ ಚೆನ್ನಾಗಿ ಹುರಿದು ತಿಂದರೂ ಕೆಲವರಿಗೆ ವಾಂತಿ ಆಗೋದು ಅದಕ್ಕೇ. ಇವೆರಡೂ ತಿಂದ ಕೆಲವೇ ಗಂಟೆಯಲ್ಲಿ ವಾಂತಿ ಮಾಡಿಸುತ್ತವೆ. ಪರ್ಫ್ರಿಂಜೆನ್ಸ್ ಆರರಿಂದ ಇಪ್ಪತ್ನಾಲ್ಕು ಗಂಟೆ ತಗೊಂಡು ಹೊಟ್ಟೆ ನುಲಿಸಿ ಭೇದಿ ಮಾಡಿಸುತ್ತೆ, ಜ್ವರ ವಾಂತಿ ಅಪರೂಪ. ವಿಜಯನಗರದ ಮನೆಯಲ್ಲಿ ಎಂಟಕ್ಕೆ ತಿಂದು ರಾತ್ರಿ ಶುರುವಾದದ್ದು, ವಾಂತಿ ಇಲ್ಲದೆ ಬರೀ ನುಲಿತ ಭೇದಿ. ಲ್ಯಾಬ್‌ಗೆ ಯಾರೂ ಕಳಿಸಿರಲಿಲ್ಲ, ಆದ್ರೂ ಬೆರಳು ಇದರ ಕಡೆಗೇ ತೋರಿಸುತ್ತೆ.

ವಾಸನೆ ಇರಲಿಲ್ಲ ಅನ್ನೋದೂ ನಿಜವೇ ಇರಬೇಕು. ಮಾವ ಮೂವತ್ತು ವರ್ಷದಿಂದ ನೊರೆ, ಹುಳಿ ವಾಸನೆ, ನೂಲು ಎಳೆಯೋದು ನೋಡಿ ಕೆಟ್ಟಿದೆ ಅಂತ ಹೇಳಿದವರು. ಅವೆಲ್ಲ ಬೇರೆ ಜಾತಿಯ ಸೂಕ್ಷ್ಮಜೀವಿಗಳ ಕೆಲಸ. ವಾಸನೆ ಬಂದ್ರೆ ಚೆಲ್ಲಿ, ಅನುಮಾನ ಬೇಡ. ಬರಲಿಲ್ಲ ಅಂದ್ರೆ ಅದರಿಂದ ಏನೂ ಗೊತ್ತಾಗಲ್ಲ. ಅದರ ಮೇಲೆ ನಮ್ಮ ಮಸಾಲೆಯ ಚಕ್ಕೆ ಲವಂಗದ ಘಮ ಬೇರೆ.

ಹಾಗಾಗಿ ಈಗ ಮಾವನ ಜೇಬಿನಲ್ಲಿ ಮೂಗಿನ ಜೊತೆಗೆ ಒಂದು ಕಡ್ಡಿ ಥರ್ಮಾಮೀಟರ್ ಇರುತ್ತೆ. ಅದು ಸರಿ ಇದೆಯಾ ಅಂತ ನೋಡೋಕೆ ಕುದಿಯೋ ನೀರಿಗೆ ಅದ್ದಿದ್ರೆ ನೂರು ಬರಲಿಲ್ಲ, 97 ಬಂತು. ಅಂಗಡಿಗೆ ವಾಪಸ್ ಕೊಡೋಕೆ ಹೊರಟಿದ್ರು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ, ಇಲ್ಲಿ ನೀರು ಕುದಿಯೋದೇ 97ಕ್ಕೆ ಅಂತ ಹೇಳಿ ನಿಲ್ಲಿಸಿದೆ. ಡಬರಿಯಲ್ಲಿ ಅಳೆಯೋದು ಅಂಚಿನಲ್ಲಿ ಅಲ್ಲ, ಒಂದು ಸಲ ತಿರುವಿ, ನಡುಮಧ್ಯದಲ್ಲಿ.

ಉಳಿದದ್ದನ್ನ ಇಡಲೇಬೇಕು ಅಂದ್ರೆ ಮಾಡಬೇಕಾದದ್ದು ಪಾತ್ರೆ ಬದಲಾಯಿಸೋದು. ಅದೇ ಸಾರನ್ನ ಅಗಲವಾದ ಸ್ಟೀಲ್ ಪಾತ್ರೆಗಳಿಗೆ ಎರಡು ಮೂರು ಲೀಟರ್‌ನಂತೆ, ನಾಲ್ಕು ಬೆರಳು ಆಳಕ್ಕಿಂತ ಜಾಸ್ತಿ ಇಲ್ಲದ ಹಾಗೆ ಹಂಚಿ, ನೀರು ತುಂಬಿದ ಬೇಸನ್‌ನಲ್ಲಿ ಇಟ್ಟು ಆಗಾಗ ತಿರುವಿದ್ರೆ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೈಗೆ ಬೆಚ್ಚಗೆ ಅನ್ನೋ ಮಟ್ಟಕ್ಕೆ ಬರುತ್ತೆ. ಬೇಸನ್ ನೀರು ಬಿಸಿಯಾದ ಹಾಗೆ ಬದಲಾಯಿಸಬೇಕು. ಆಮೇಲೆ ಫ್ರಿಜ್. ಪ್ಲಾಸ್ಟಿಕ್ ಬಕೆಟ್ ಈ ಕೆಲಸಕ್ಕೆ ಬರಲ್ಲ, ಅದು ಶಾಖವನ್ನ ಆಚೆ ಬಿಡಲ್ಲ. 20 ಲೀಟರ್ ಬಿಸಿ ಡಬರಿಯನ್ನ ಹಾಗೇ ಮನೆ ಫ್ರಿಜ್‌ಗೆ ತುರುಕಿದ್ರೆ ಅದು ತಣಿಯೋ ಬದಲು ಪಕ್ಕದ ಹಾಲು ಮೊಸರು ಬೆಚ್ಚಗಾಗುತ್ತೆ. ಐಸ್ ಹಾಕ್ತೀವಿ ಅಂದ್ರೂ 40 ಲೀಟರನ್ನ 60ರಿಂದ 21ಕ್ಕೆ ಇಳಿಸೋಕೆ ಹತ್ತತ್ರ 20 ಕಿಲೋ ಐಸ್ ಕರಗಬೇಕು. ಬೀಗರೂಟ ಮುಗಿದ ಸಂಜೆ ಯಾರ ಮನೆಯಲ್ಲೂ ಅಷ್ಟು ಐಸ್, ಅಷ್ಟು ತಾಳ್ಮೆ ಇರಲ್ಲ. ಅದಕ್ಕೇ ಮಾವ ಈಗ ಒಂದು ಮನೆಗೆ ಹತ್ತು ಲೀಟರ್‌ಗಿಂತ ಜಾಸ್ತಿ ಕೊಡಲ್ಲ.

ಮೊನ್ನೆ ಕೆಂಗೇರಿಯಲ್ಲಿ ಕೊನೇ ಪಂಕ್ತಿ ಮೂರೂ ಮುಕ್ಕಾಲಿಗೆ ಎದ್ದಿತು. ಒಲೆ ಮೇಲೆ ಇನ್ನೂ ಇಪ್ಪತ್ತೈದು ಲೀಟರ್‌ನಷ್ಟು ಸಾರು ಇತ್ತು, ಥರ್ಮಾಮೀಟರ್ 82 ತೋರಿಸ್ತಿತ್ತು. ಯಜಮಾನರ ಅಕ್ಕ ಎರಡು ಹೊಸಾ ಪ್ಲಾಸ್ಟಿಕ್ ಬಕೆಟ್ ಹಿಡ್ಕೊಂಡು ಅಡುಗೆ ಮನೆಗೇ ಬಂದರು. ಮಾವ ಕೈಮುಗಿದು "ಅಕ್ಕಾ, ಚೀಟಿ ನೋಡಿಲ್ವಾ?" ಅಂದರು. ಅವರಿಗೆ ಸಿಟ್ಟು ಬಂತು. "ದುಡ್ಡು ಕೊಟ್ಟಿರೋದು ನಾವು, ಸಾರು ನಮ್ದು" ಅಂದರು, ಅದೂ ನ್ಯಾಯವೇ. ಕೊನೆಗೆ ಯಜಮಾನರು ಬಂದು, ಹಾಲ್ ಕ್ಲೀನ್ ಮಾಡೋರು, ಶಾಮಿಯಾನದ ಹುಡುಗರು, ನಮ್ಮ ಬಡಿಸೋರು ಎಲ್ಲರನ್ನೂ ಕೂರಿಸಿ ಮುದ್ದೆ ಹಾಕಿಸಿದರು. ಹತ್ತು ಲೀಟರ್ ನಾಲ್ಕು ಸ್ಟೀಲ್ ಡಬ್ಬಿಗೆ ಹೋಯ್ತು, ಕೋಳಿಗೆ ತಂದ ಐಸ್ ಡಬ್ಬಿಯಲ್ಲಿ ಮಿಕ್ಕಿದ್ದ ನೀರಿನಲ್ಲಿ ಕೂತು ತಣಿದು, ಐದೂವರೆಗೆ ಅವರ ಕಾರು ಹತ್ತಿತು. ಐಸ್ ನೀರು ಹಸಿ ಕೋಳಿಯದ್ದು, ಡಬ್ಬಿ ಮುಚ್ಚಳ ಬಿಗಿ ಇದೆಯಾ, ಹೊರಗೆ ಸೋಪು ಹಾಕಿ ತೊಳೆದ್ರಾ ಅಂತ ನಾನು ಮೂರು ಸಲ ಕೇಳಿದೆ. ನಾಲ್ಕನೇ ಸಲ ಕೇಳಿದ್ದಕ್ಕೆ ಮಾವ ನನ್ನ ಕೈಗೇ ನಾರು ಕೊಟ್ಟರು. ಮುಂದಿನ ಸಲದ ಸಾಮಾನಿನ ಪಟ್ಟಿಯಲ್ಲಿ ಬೇರೆ ಐಸ್ ಡಬ್ಬಿ ಒಂದು ಸೇರಿದೆ.